ಆಚೆಮನೆ ಅಕ್ಕನ ಕೋರಾ ರವಿಕೆ

"ಎಂತದೇ ತಂಗಿ ಅದು? ಯಾರಾದ್ರೂ ಮಾಟ ಮಾಡ್ಸಿ ನಿಮ್ಮನೆ ತಂತಿ ಮೇಲೆ ಎಸ್ದು ಹೋದ್ರಾ?"

ಆಚೆಮನೆ ಅಕ್ಕ ದಾಸವಾಳದ ಬೇಲಿಯ ಆಚೆಯೇ ನಿಂತುಬಿಟ್ಟಿದ್ದರು. ಕೈಯಲ್ಲಿದ್ದ ಹೂವಿನ ಬುಟ್ಟಿ ಹಾಗೇ ಇತ್ತು. ಅವರ ತಪ್ಪೇನಿಲ್ಲ. ತಂತಿಯ ಮೇಲೆ ನೇತಾಡುತ್ತಿದ್ದ ಬಿಳಿ ರವಿಕೆಗೆ ಇದ್ದದ್ದು ಒಂದೇ ತೋಳು. ಮೈತುಂಬ ಕೆಂಪು ದಾರದ ಗೆರೆ. ಎದೆಯ ಮೇಲೆ ಒಂದು ಕಡೆ 'ಬಲ', ಇನ್ನೊಂದು ಕಡೆ 'ಎಡ' ಎಂದು ಬರೆದಿತ್ತು. ಬೆನ್ನಿನ ಮೇಲೆ 'ಮುಕ್ಕಾಲು' ಎಂದು ಬರೆದು ಅದರ ಮೇಲೆ ಕಾಟು ಹೊಡೆದಿತ್ತು. ಅಮಾವಾಸ್ಯೆ ಬೇರೆ ಹತ್ತಿರ ಬಂದಿತ್ತು.

ಮಾಟವೂ ಅಲ್ಲ ಮಂತ್ರವೂ ಅಲ್ಲ, ನನ್ನ ಮಗಳ ರವಿಕೆಯ ಟ್ರಯಲ್ ಬಟ್ಟೆ ಅಂದೆ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಮ್ಮೆ ಹೊಲಿದು, ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ನೋಡಿ, ಬಟ್ಟೆಯ ಮೇಲೇ ಗುರುತು ಮಾಡಿಕೊಳ್ಳುವುದು. ಇಸ್ತ್ರಿಗೆ ಅಂತ ನೀರು ಚಿಮುಕಿಸಿದ್ದು ಹೆಚ್ಚಾಗಿ ಒದ್ದೆಯಾಯಿತು, ಒಣಹಾಕಿದೆ.

"ಎರಡು ಸಲ ಹೊಲಿಯೋದಾ? ಕೆಲಸ ಇಲ್ವೇನೇ ನಿನಗೆ?"

ಅಷ್ಟು ಹೇಳಿ ಹೂ ಕೊಯ್ಯುವುದಕ್ಕೆ ಹೋದ ಅಕ್ಕ ಅರ್ಧ ಗಂಟೆಯಲ್ಲಿ ದಣಪೆ ಸರಿಸಿಕೊಂಡು ಒಳಗೇ ಬಂದರು. ಕಂಕುಳಲ್ಲಿ ಒಂದು ಸೀರೆಯ ಪೆಟ್ಟಿಗೆ. ಮಾಘದಲ್ಲಿ ಅವರ ಸಣ್ಣ ಮಗಳ ಮದುವೆ. ಧಾರೆಗೆ ಉಡುವುದಕ್ಕೆ ತೆಗೆದ ಅಡಿಕೆಕೆಂಪು ರೇಷ್ಮೆ ಸೀರೆ, ಅದರ ತುದಿಗೇ ನೇಯ್ದ 80 ಸೆಂಟಿಮೀಟರ್ ರವಿಕೆ ಕಣ. ಆ ಕಣ ಹಾಳಾದರೆ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ತುಂಡು ಸಾಗರದಲ್ಲೂ ಇಲ್ಲ, ಶಿವಮೊಗ್ಗದಲ್ಲೂ ಇಲ್ಲ. ಇನ್ನೊಂದು ಸೀರೆಯನ್ನೇ ಕೊಳ್ಳಬೇಕು.

ಅಕ್ಕನ ರವಿಕೆಯ ದುಃಖ ಹಳೆಯದು. ಕೈ ಎತ್ತಿದರೆ ರವಿಕೆಯೂ ಜೊತೆಗೆ ಏಳುತ್ತದೆ. ಅಟ್ಟದಿಂದ ಡಬ್ಬ ತೆಗೆಯುವಾಗ ಒಂದು ಕೈ ಡಬ್ಬಕ್ಕೆ, ಇನ್ನೊಂದು ಕೈ ರವಿಕೆಯನ್ನು ಕೆಳಕ್ಕೆ ಎಳೆಯುವುದಕ್ಕೆ. ಬಲಭುಜ ಜಾರುತ್ತದೆ. ತೋಳು ಕಚ್ಚುತ್ತದೆ. ಹೊಲಿದವರ ಹತ್ತಿರ ಹೋಗಿ ಹೇಳಿದರೆ 'ಕಂಕುಳು ಬಿಗಿಯಾಗಿದೆ' ಅಂತ ಇನ್ನಷ್ಟು ಕೆಳಕ್ಕೆ ಕೆತ್ತಿ ಕೊಡುತ್ತಾರೆ. ಕೆತ್ತಿದಷ್ಟೂ ರವಿಕೆ ಇನ್ನೂ ಮೇಲೆ ಏಳುತ್ತದೆ. ಇದೊಂದು ಒಗಟು ಅಂತಲೇ ಅಕ್ಕ ಮೂವತ್ತು ವರ್ಷ ಬದುಕಿದ್ದಾರೆ.

ನಾನು ಬುದ್ಧಿ ಕಲಿತದ್ದು ರೇಷ್ಮೆಯಿಂದಲ್ಲ, ಹತ್ತಿಯಿಂದ. ನಮ್ಮ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕದ ಹೆಂಗಸರು ಕೈಮಗ್ಗದ ಬಟ್ಟೆ ಮಾಡುತ್ತಾರಲ್ಲ, ಗಿಡಮರಗಳ ಬಣ್ಣದ್ದು. ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ತೆಗೆಯುತ್ತಾರೆ. ಅಂಥ ಚೊಗರಿನ ಬಣ್ಣದ ಬಟ್ಟೆ ಎರಡೂವರೆ ಮೀಟರು ತಂದು, ಪುಸ್ತಕ ನೋಡಿ ನೇರ ಕತ್ತರಿಸಿ, ಒಂದು ಉದ್ದ ಕುರ್ತಾ ಹೊಲಿದೆ. ಬೆನ್ನಿನಲ್ಲಿ ಒಂದು ಇಂಚು ಸಾಲಲಿಲ್ಲ. ಒಂದೇ ಒಂದು ಇಂಚು! ಮತ್ತೆ ಅರ್ಧ ಮೀಟರು ತಂದು ಜೋಡಿಸೋಣ ಅಂತ ಹೋದರೆ ಬಣ್ಣ ಕೂಡಲಿಲ್ಲ. ಕೂಡುವುದೂ ಇಲ್ಲ. ಚೊಗರು ಹಂಡೆಯಿಂದ ಹಂಡೆಗೆ ಬೇರೆ. ಕಾಯಿ ಎಷ್ಟು ಎಳೆಯದು, ಎಷ್ಟು ಹೊತ್ತು ಬೆಂದಿದೆ ಅನ್ನುವುದರ ಮೇಲೆ ಅದರ ಗಟ್ಟಿ, ಅದರ ಕೆಂಪು. ಅಡಿಕೆ ಬೇಯಿಸುವ ಮನೆಯಲ್ಲೇ ಹುಟ್ಟಿದವಳಿಗೆ ಅದು ಹೊಳೆಯಬೇಕಿತ್ತು. ಆ ಕುರ್ತಾ ಈಗ ಎರಡು ದಿಂಬಿನ ಚೀಲವಾಗಿದೆ.

ಹೊರದೇಶದ ದರ್ಜಿಗಳು ಈ ಟ್ರಯಲ್ ಬಟ್ಟೆಗೆ ಮಸ್ಲಿನ್ ಅನ್ನುತ್ತಾರೆ. ಮಸ್ಲಿನ್ ಅಂದರೆ ನಮಗೆ ನೆನಪಾಗುವುದು ಢಾಕಾದ ಉಸಿರಿಗೆ ಹಾರುವಂಥ ಬಟ್ಟೆ. ಅಮೆರಿಕದಲ್ಲಿ ಅದೇ ಹೆಸರು ಬಿಳುಪು ಮಾಡದ ಒರಟು ಹತ್ತಿಗೆ ಇಳಿದು, ಕೊನೆಗೆ ಆ ಬಟ್ಟೆಯಲ್ಲಿ ಹೊಲಿದ ಟ್ರಯಲ್ ಅಂಗಿಗೇ ಮಸ್ಲಿನ್ ಅಂತ ಹೆಸರು ನಿಂತಿತು. ಫ್ರೆಂಚರು ತ್ವಾಲ್ ಅನ್ನುತ್ತಾರಂತೆ, ಅಂದರೆ ಬರೀ ಬಟ್ಟೆ. ನಮಗೆ ಕೋರಾ ಅಂದರೆ ಸಾಕು.

ಆದರೆ ಅಕ್ಕ ಕೋರಾ ತರಲಿಲ್ಲ. ಮಾರನೆಯ ದಿನ ಭಾವನ ಹಳೇ ಪಂಚೆ ತಂದರು. "ಬಿಳೀನೇ ಅಲ್ವಾ, ಹತ್ತೀನೇ ಅಲ್ವಾ, ದುಡ್ಡು ಎಂತಕ್ಕೆ?" ನಾನೂ ಹೂಂ ಅಂದೆ. ಅಳತೆ ತೆಗೆದು, ಕತ್ತರಿಸಿ, ಹೊಲಿದು ತೊಡಿಸಿದರೆ ಎಲ್ಲ ಸರಿಯಾಗೇ ಇತ್ತು! ಎಲ್ಲೂ ಬಿಗಿಯಿಲ್ಲ, ಎಲ್ಲೂ ಎಳೆತವಿಲ್ಲ. ಮೂವತ್ತು ವರ್ಷದ ತೊಂದರೆ ಒಂದೇ ದಿನಕ್ಕೆ ಮಾಯವಾಯಿತು ಅಂದರೆ ನನಗೇ ನಂಬಿಕೆ ಬರಲಿಲ್ಲ. ಬಿಚ್ಚಿ ಟೇಪು ಹಿಡಿದೆ. ಹೊಲಿಯುವಾಗ ಇದ್ದುದಕ್ಕಿಂತ ಎದೆಯ ಹತ್ತಿರ ಮುಕ್ಕಾಲಿಂಚು ಅಗಲವಾಗಿತ್ತು. ನೂರಾರು ಸಲ ಒಗೆದ ಪಂಚೆಯ ಎಳೆಗಳಲ್ಲಿ ಕಸುವಿರುವುದಿಲ್ಲ, ಮೈ ಎಳೆದ ಕಡೆಗೆ ಹೋಗುತ್ತವೆ. ರೇಷ್ಮೆ ಹಾಗೆ ಹೋಗುವುದಿಲ್ಲ. ಒಳಗೆ ಲೈನಿಂಗ್ ಕೊಟ್ಟರಂತೂ ಕಲ್ಲು. ಟ್ರಯಲ್ ಬಟ್ಟೆ ಅಸಲು ಬಟ್ಟೆಯಷ್ಟೇ ದಪ್ಪ, ಅಷ್ಟೇ ಬಿಗಿ ಇರಬೇಕು. ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ, ಅದೂ ನಮಗೆ ಇಷ್ಟವಾಗುವ ಸುಳ್ಳು.

ಒಂದು ಮೀಟರು ಕೋರಾ ತರಿಸಿದೆವು. ರಾತ್ರಿ ನೀರಲ್ಲಿ ನೆನೆಹಾಕಿ ಗಂಜಿ ಬಿಡಿಸಿ ಒಣಗಿಸಿದ ಮೇಲೆ ಅಳೆದರೆ ಉದ್ದದಲ್ಲಿ ಒಂದೂವರೆ ಇಂಚು ಕಡಿಮೆ. ತೊಳೆಯದೆ ಕತ್ತರಿಸಿದ್ದರೆ, ಮೊದಲ ಸಲ ಉಗಿ ಇಸ್ತ್ರಿ ಹಾಕಿದಾಗಲೇ ನಮ್ಮ ಅಳತೆಯೆಲ್ಲ ಕೆಡುತ್ತಿತ್ತು. ಆಮೇಲೆ ಅಂಚಿನಿಂದ ಹೊಕ್ಕಿನ ಒಂದು ಎಳೆ ಹಿರಿದು, ಎಳೆ ಹೋದ ದಾರಿಯಲ್ಲೇ ಕತ್ತರಿಸಿದೆ. ಹಾಸೂ ಹೊಕ್ಕೂ ನೇರವಾಗಿರದಿದ್ದರೆ ರವಿಕೆ ಮೈಮೇಲೆ ತಿರುಚಿಕೊಳ್ಳುತ್ತದೆ, ನಾವು ಮೈಯ ತಪ್ಪು ಅಂದುಕೊಳ್ಳುತ್ತೇವೆ.

ಕತ್ತರಿಸುವ ಮೊದಲು ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದೆ. ಎದೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು, ಎದೆಯ ಮಟ್ಟಕ್ಕೆ ಅಡ್ಡ ಒಂದು, ಬೆನ್ನ ನಡುವೆ ಒಂದು. ತೊಟ್ಟಾಗ ಈ ಗೆರೆಗಳೇ ಸಾಕ್ಷಿ. ಅಡ್ಡಗೆರೆ ನೆಲಕ್ಕೆ ಸಮನಾಗಿರದೆ ಒಂದು ಕಡೆ ಮೇಲೆ ಹೋಗಿದ್ದರೆ ಆ ಕಡೆ ಏನೋ ಸಾಲುತ್ತಿಲ್ಲ ಅಂತ ಅರ್ಥ. ಪಕ್ಕಕ್ಕೂ ಭುಜಕ್ಕೂ ಒಂದೊಂದು ಇಂಚು ಹೆಚ್ಚು ಬಟ್ಟೆ ಬಿಟ್ಟೆ, ಬಿಡಿಸಿಕೊಳ್ಳುವುದಕ್ಕೆ. ಕತ್ತನ್ನು ಮಾತ್ರ ಬೇಕಾದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿದೆ. ಕತ್ತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಿದವರನ್ನು ನಾನು ಕಂಡಿಲ್ಲ.

ಹೊಲಿಗೆ ಕೆಂಪು ದಾರದಲ್ಲಿ, ಮಿಶಿನ್ನಿನ ಅತಿ ದೊಡ್ಡ ಹೊಲಿಗೆಗೆ ಇಟ್ಟು. ಬಿಚ್ಚುವಾಗ ಒಂದು ತುದಿ ಎಳೆದರೆ ಸರ್ರನೆ ಬರಬೇಕು. ಮಡಿಕೆ ಹೊಲಿಯುವ ಹಾಗಿಲ್ಲ, ಹುಕ್ಸು ಹಚ್ಚುವ ಹಾಗಿಲ್ಲ. ಎದೆಯ ನಡುಗೆರೆಯ ಮೇಲೆ ನಡುಗೆರೆ ಕೂಡಿಸಿ ಗುಂಡುಪಿನ್ನು ಚುಚ್ಚಿದರಾಯಿತು. ಹೊಲಿಗೆಯ ಅಂಚೆಲ್ಲ ಹೊರಗೆ ಬರುವ ಹಾಗೆ ಹೊಲಿದೆ, ಪಿನ್ನು ಹಾಕಲು ಅನುಕೂಲ ಅಂತ. ಕೆಲವರು ಮಾಮೂಲಿಯಾಗಿ ಹೊಲಿದು ಉಲ್ಟಾ ತೊಡಿಸುತ್ತಾರೆ. ಆಗ ಬಲಗಡೆ ಎಡಕ್ಕೆ ಬರುತ್ತದೆ, ಎಡ ಬಲಕ್ಕೆ. ಎರಡೂ ಭುಜ ಒಂದೇ ಸಮ ಇರುವವರಿಗೆ ನಡೆಯುತ್ತದೆ. ನಮ್ಮ ಅಕ್ಕ ಹುಟ್ಟಿದಾಗಿನಿಂದ ಬಾವಿಯ ನೀರು ಸೇದಿ ಬಲಗಡೆಗೇ ಕೊಡ ಹೊತ್ತವರು.

ಇನ್ನೊಂದು ಮಾತು ಮರೆಯುತ್ತಿದ್ದೆ. ಕತ್ತಿನ ಸುತ್ತ, ಕಂಕುಳ ಸುತ್ತ ಬಿಟ್ಟ ಹೆಚ್ಚಿನ ಬಟ್ಟೆಗೆ ಅಲ್ಲಲ್ಲಿ ಹೊಲಿಗೆಯ ಗೆರೆಯವರೆಗೆ ಕತ್ತರಿಯಿಂದ ಕಚ್ಚು ಕೊಡಬೇಕು. ಕೊಡದಿದ್ದರೆ ಆ ಹೆಚ್ಚಿನ ಬಟ್ಟೆಯೇ ಕಂಕುಳಿಗೆ ಒತ್ತಿ ಇಲ್ಲದ ಬಿಗಿ ತೋರಿಸುತ್ತದೆ.

ಒಂದು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಅಕ್ಕನನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಮದುವೆಯ ದಿನ ಒಳಗೆ ಏನು ತೊಡುತ್ತೀರೋ ಅದನ್ನೇ ತೊಟ್ಟು ಬನ್ನಿ ಅಂತ ಮೊದಲೇ ಹೇಳಿದ್ದೆ. ನಾಚಿಕೊಂಡೇ ತೊಟ್ಟುಬಂದಿದ್ದರು. ರವಿಕೆ ಹಾಕಿ, ಬಲತೋಳೊಂದನ್ನು ಮಾತ್ರ ಕೂಡಿಸಿದ್ದೆ. ಭುಜ ಸರಿಯಾಗುವವರೆಗೆ ತೋಳನ್ನು ನೋಡಿ ಪ್ರಯೋಜನವಿಲ್ಲ, ಎಲ್ಲವೂ ಭುಜದಿಂದಲೇ ನೇತಾಡುವುದಲ್ಲವೇ.

ಎಡಗಡೆ ಚೊಕ್ಕ ಕೂತಿತ್ತು. ಬಲಗಡೆ ಕತ್ತಿನ ಬುಡದಿಂದ ಕಂಕುಳ ಕಡೆಗೆ ಓರೆಯಾಗಿ ಮೆತ್ತನೆಯ ನೆರಿಗೆ ಬಿದ್ದಿತ್ತು. ನೆರಿಗೆಯಲ್ಲಿ ಎರಡು ಜಾತಿ. ಎಳೆದ ಹಗ್ಗದ ಹಾಗೆ ಬಿಗಿಯಾಗಿದ್ದರೆ ಅಲ್ಲಿ ಬಟ್ಟೆ ಸಾಲದು, ಅದರ ತುದಿ ಯಾವ ಕಡೆ ತೋರುತ್ತದೋ ಅಲ್ಲೇ ಕೊರತೆ. ಮೆತ್ತಗೆ ಜೋತುಬಿದ್ದಿದ್ದರೆ ಬಟ್ಟೆ ಹೆಚ್ಚಾಗಿದೆ. ಬೆರಳಲ್ಲಿ ಚಿವುಟಿ ಹಿಡಿದರೆ ಗೊತ್ತಾಗುತ್ತದೆ, ಹೆಚ್ಚಾದದ್ದು ಚಿವುಟಿಗೆ ಸಿಗುತ್ತದೆ, ಕೊರತೆಯದು ಸಿಗುವುದಿಲ್ಲ. ಇದು ಸಿಕ್ಕಿತು. ಬಲಭುಜದ ತುದಿಯಲ್ಲಿ ಕಾಲಿಂಚು ಒಳಗೆ ಹಿಡಿದು ಪಿನ್ನು ಚುಚ್ಚಿದೆ. ನೆರಿಗೆ ಮಾಯ. ಭುಜ ಜಾರುವ ಕಥೆ ಅಲ್ಲಿಗೆ ಮುಗಿಯಿತು. ಅಕ್ಕನ ಭುಜ ಕಾಲಿಂಚು ಇಳಿದಿತ್ತು, ರವಿಕೆಗೆ ಅದು ಗೊತ್ತಿರಲಿಲ್ಲ.

ತೋಳಿನ ಕೆಳತುದಿಯಲ್ಲಿ ಅಡ್ಡಡ್ಡ ಬಿಗಿ ಗೆರೆ. ಹಗ್ಗದ ಜಾತಿಯದು. ನಾನು ಕತ್ತರಿ ತೆಗೆದುಕೊಂಡು ಅವರ ತೋಳಿನ ಮೇಲೇ ಬಟ್ಟೆಯನ್ನು ಕೆಳತುದಿಯಿಂದ ಮೇಲಕ್ಕೆ ಸೀಳಿದೆ.

"ಅಯ್ಯಯ್ಯೋ! ಎಂತ ಮಾಡಿದ್ಯೇ ಮಾರಾಯ್ತಿ!"

ಭುಜದ ಹೊಲಿಗೆಯ ಹತ್ತಿರ ಒಂದಿಷ್ಟು ಬಿಟ್ಟು ನಿಲ್ಲಿಸಿದೆ. ಸೀಳು ತಾನಾಗಿ ಬಾಯಿ ತೆರೆಯಿತು. ಮೇಲೆ ಏನೂ ಇಲ್ಲ, ಕೆಳಗೆ ಬರುಬರುತ್ತಾ ಅಗಲ. ತುದಿಯಲ್ಲಿ ಟೇಪು ಇಟ್ಟರೆ ಮುಕ್ಕಾಲಿಂಚು. ಎಷ್ಟು ಬೇಕು ಅಂತ ಲೆಕ್ಕ ಹಾಕಬೇಕಾಗಿಲ್ಲ, ಕೇಳಬೇಕಾಗಿಲ್ಲ, ತೋಳೇ ಹೇಳಿತು. ಅಡಿಗೆ ಒಂದು ಕೋರಾ ಪಟ್ಟಿ ಇಟ್ಟು ಸೀಳು ತೆರೆದಷ್ಟಕ್ಕೇ ಪಿನ್ನು ಹಾಕಿದೆ. ಕೋರಾದ ಲಾಭ ಇದು. ರೇಷ್ಮೆಯಲ್ಲಿ ಹೆಚ್ಚಾದದ್ದನ್ನು ಹಿಡಿಯಬಹುದು, ಕಡಿಮೆಯಾದದ್ದನ್ನು ನೋಡುವುದಕ್ಕೆ ಸೀಳಲೇಬೇಕು, ರೇಷ್ಮೆಯನ್ನು ಸೀಳುವ ಎದೆ ಯಾರಿಗಿದೆ?

ಈಗ ಕೈ ಎತ್ತಿ ಅಂದೆ. ಎತ್ತಿದರು. ರವಿಕೆಯೂ ಎದ್ದಿತು. ಅಡ್ಡಗೆರೆ ಬಲಗಡೆ ಎರಡು ಇಂಚು ಮೇಲಕ್ಕೆ ಹೋಯಿತು.

ನಮ್ಮೂರಲ್ಲಿ ನಾಟಕ ನೋಡಿ ನೋಡಿ ನನಗೊಂದು ಕೆಟ್ಟ ಅಭ್ಯಾಸ ಬಂದಿದೆ. ಶಿವರಾಮ ಕಾರಂತ ರಂಗಮಂದಿರದಲ್ಲಿ ಮುಂದೆ ಕೂತು, ರಾಜನಾದವನು ಕೈಯೆತ್ತಿ ಆರ್ಭಟಿಸಿದಾಗ ಅವನ ಮುಖ ಬಿಟ್ಟು ಕಂಕುಳು ನೋಡುತ್ತೇನೆ. ಅಂಗಿ ಸೊಂಟದಿಂದ ಎದ್ದು ಬಂದರೆ ಕಂಕುಳ ಸುತ್ತು ಕೆಳಗಿದೆ ಅಂತ ತೀರ್ಮಾನ. ಯೋಚಿಸಿ ನೋಡಿ. ತೋಳು ರವಿಕೆಗೆ ಕೂಡುವ ಜಾಗ ಕಂಕುಳಿಗೆ ಹತ್ತಿರವಿದ್ದರೆ ಕೈ ಅಲ್ಲೇ ತಿರುಗುತ್ತದೆ, ಮೈಭಾಗ ಸುಮ್ಮನಿರುತ್ತದೆ. ಕೂಡುವ ಜಾಗ ಎರಡು ಇಂಚು ಕೆಳಗೆ ಪಕ್ಕೆಯ ಮೇಲಿದ್ದರೆ, ಕೈ ಏಳಬೇಕಾದರೆ ಪಕ್ಕೆಯ ಬಟ್ಟೆಯನ್ನು ಎಳೆದುಕೊಂಡೇ ಏಳಬೇಕು. ಹಾಗಾಗಿ ಬಿಗಿ ಅಂತ ಕೆಳಕ್ಕೆ ಕೆತ್ತಿದಷ್ಟೂ ತೊಂದರೆ ಜಾಸ್ತಿ. ಮೂವತ್ತು ವರ್ಷದ ಒಗಟು ಇಷ್ಟೇ.

ಕೆತ್ತಿದ್ದನ್ನು ವಾಪಸು ತರುವುದಕ್ಕೂ ಕೋರಾದಲ್ಲೇ ಸಾಧ್ಯ. ಕಂಕುಳ ಹತ್ತಿರ ತೋಳು ಬಿಚ್ಚಿ, ಅರ್ಧಚಂದ್ರದ ಹಾಗೆ ಒಂದು ತುಂಡು ಕೋರಾ ಇಟ್ಟು ರವಿಕೆಯ ಸುತ್ತನ್ನು ಅರ್ಧ ಇಂಚು ಮೇಲಕ್ಕೆ ಏರಿಸಿದೆ. ತೋಳಿನ ಕಂಕುಳಿಗೂ ಅಷ್ಟೇ ತುಂಡು. ಎರಡನ್ನೂ ಏರಿಸಲೇಬೇಕು, ಒಂದನ್ನೇ ಏರಿಸಿದರೆ ಕೂಡುವುದಿಲ್ಲ. ಕೈಹೊಲಿಗೆ ಹಾಕಿ ಮತ್ತೆ ತೊಡಿಸಿದೆ. ಅಕ್ಕ ಕೈ ಎತ್ತಿದರು. ಇನ್ನೊಮ್ಮೆ ಎತ್ತಿದರು. ಎರಡೂ ಕೈಯನ್ನು ಮಾಡಿಗೆ ಚಾಚಿ, ಕನ್ನಡಿಯಲ್ಲಿ ಸೊಂಟ ನೋಡಿಕೊಂಡರು. ಗೆರೆ ಬೆರಳಿನಷ್ಟೂ ಕದಲಲಿಲ್ಲ.

"ಹೌದಲ್ಲೇ! ಸ್ವಲ್ಪ ಒತ್ತುತ್ತೆ." ಅಂದರು. ಅಷ್ಟೇ. ಆಮೇಲೆ ಬಿಚ್ಚುವುದಕ್ಕೆ ಕೈ ಹಾಕಿದರು.

ನಿಲ್ಲಿ ಅಂದೆ. ಬಿಚ್ಚುವ ಮೊದಲು ಗುರುತಾಗಬೇಕು. ಪಿನ್ನನ್ನು ನಂಬಿ ಬಿಚ್ಚಿದರೆ ರವಿಕೆ ಮೈಯಿಂದ ಕಳಚುವ ಹೊತ್ತಿಗೆ ಎರಡು ಪಿನ್ನು ಉದುರಿ ಒಂದು ಪಾದಕ್ಕೆ ಚುಚ್ಚಿರುತ್ತದೆ. ನಾನು ನೀಲಿ ಪೆನ್ಸಿಲಿನಲ್ಲಿ ಪಿನ್ನಿನ ಎರಡೂ ಮಗ್ಗುಲಿಗೆ ಗೆರೆ ಎಳೆದೆ, ಒಂದೇ ಮಗ್ಗುಲಿಗೆ ಎಳೆದರೆ ಬಿಚ್ಚಿ ಹರಡಿದಾಗ ಇನ್ನೊಂದು ತುಂಡು ಎಲ್ಲಿ ಕೂಡಬೇಕು ಅಂತ ತಿಳಿಯುವುದಿಲ್ಲ. ಗೆರೆಗೆ ಅಡ್ಡವಾಗಿ ಅಲ್ಲಲ್ಲಿ ಕೂಡು ಗುರುತು ಹಾಕಿದೆ, ಎರಡು ತುಂಡಿನ ಮೇಲೂ ಒಂದೇ ಕಡೆ ಬೀಳುವ ಹಾಗೆ. ಹಳೆಯ ಗೆರೆಗೆ ಕಾಟು ಹೊಡೆದೆ. ಇದು ಸಣ್ಣ ಕೆಲಸ ಅನ್ನಿಸುತ್ತದೆ, ಆದರೆ ನಾಲ್ಕು ದಿನ ಬಿಟ್ಟು ನೋಡಿದರೆ ಒಂದೇ ಜಾಗದಲ್ಲಿ ಎರಡು ಗೆರೆ, ಯಾವುದು ಹೊಸದು? ನನ್ನ ಲೆಕ್ಕದಲ್ಲಿ ಮೊದಲ ಟ್ರಯಲ್ ನೀಲಿ, ಎರಡನೆಯದು ಹಸಿರು. ಆಮೇಲೆ ಅಕ್ಷರದಲ್ಲೂ ಬರೆದೆ: 'ಬಲಭುಜ ಕಾಲು ಒಳಗೆ', 'ತೋಳು ತುದಿ ಮುಕ್ಕಾಲು ಅಗಲ', 'ಕಂಕುಳು ಅರ್ಧ ಮೇಲೆ'.

ಬಲಗಡೆ ಬರೆಯುವಾಗ ಕೈ ನಿಂತಿತು. ಭುಜವನ್ನು ಕಾಲಿಂಚು ಇಳಿಸಿದರೆ ಅದರ ಕೆಳಗಿನ ಕಂಕುಳೂ ಕಾಲಿಂಚು ಇಳಿಯಬೇಕು, ಇಲ್ಲದಿದ್ದರೆ ಸುತ್ತು ಕಿರಿದಾಗುತ್ತದೆ. ಹಾಗಾದರೆ ಎಡಗಡೆ ಅರ್ಧ ಇಂಚು ಏರಿಸಿದರೆ ಬಲಗಡೆ ಏರುವುದು ಬರೀ ಕಾಲಿಂಚು. ತೊಟ್ಟು ನೋಡಿದ್ದು ಬಲತೋಳು, ಅಲ್ಲಿ ಅರ್ಧ ಏರಿಸಿದಾಗ ಸ್ವಲ್ಪ ಒತ್ತುತ್ತದೆ ಅಂತ ಅಕ್ಕ ಅಂದದ್ದೂ ನೆನಪಾಯಿತು. ತಿದ್ದಿ ಬರೆದೆ. ಎಡ ಬಲ ಅಂತ ದೊಡ್ಡಕ್ಷರದಲ್ಲಿ ಬರೆಯುವ ನನ್ನ ಚಾಳಿಗೆ ನಗುವವರಿಗೆ ಇದನ್ನು ಹೇಳುತ್ತೇನೆ.

ಕೆಂಪು ದಾರ ಎಳೆದು ತುಂಡು ತುಂಡು ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಹೊಸ ನಕ್ಷೆ ತೆಗೆದೆ. ವೃತ್ತಪತ್ರಿಕೆ ಬೇಡ, ಮಸಿ ರೇಷ್ಮೆಗೆ ಹತ್ತುತ್ತದೆ. ಗೆರೆ ಎಳೆದ ಕೋರಾವನ್ನೇ ರೇಷ್ಮೆಯ ಮೇಲಿಟ್ಟು ಕತ್ತರಿಸುವುದೂ ಬೇಡ, ಅದೇ ಕಾರಣಕ್ಕೆ. ಕಾಗದದ ಮೇಲೆ ಮುಂಭಾಗದ ಪಕ್ಕದ ಗೆರೆಯನ್ನು ಹಿಂಭಾಗದ್ದರ ಜೊತೆ ಅಳೆದು ಸಮ ಮಾಡಿದೆ. ಕಂಕುಳ ಸುತ್ತಿಗೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆದರೆ ಹದಿನಾರೂವರೆ, ತೋಳಿನ ಬಾಗು ಹದಿನೇಳೂಕಾಲು. ಮುಕ್ಕಾಲಿಂಚು ಹೆಚ್ಚು, ಸುಕ್ಕು ಬೀಳದೆ ಕೂರುತ್ತದೆ.

ಎರಡನೆಯ ಟ್ರಯಲ್ಲಿಗೆ ಮಿಕ್ಕ ಕೋರಾ ಸಾಲದೆ ಮತ್ತೆ ಮುಕ್ಕಾಲು ಮೀಟರು ತರಿಸಿದೆವು. ಈ ಸಲ ಎರಡೂ ತೋಳು. ಹಸಿರು ಗುರುತು ಬಿದ್ದದ್ದು ಒಂದೇ ಕಡೆ, ಮುಂಗತ್ತಿನ ಆಳಕ್ಕೆ.

ಲೈನಿಂಗನ್ನೇ ಮೊದಲು ಕತ್ತರಿಸಿ ಕಚ್ಚಾ ಹೊಲಿದು ಟ್ರಯಲ್ ನೋಡಿ, ಆಮೇಲೆ ಅದನ್ನೇ ಒಳಗೆ ಹಾಕುವವರು ಇದ್ದಾರೆ. ಒಳ್ಳೆಯ ಉಪಾಯವೇ, ಅಳತೆ ಹೆಚ್ಚುಕಡಿಮೆ ಗೊತ್ತಿರುವ ಮೈಗೆ. ಆದರೆ ಲೈನಿಂಗನ್ನು ಸೀಳುವ ಹಾಗಿಲ್ಲ, ಅದರ ಮೇಲೆ ಬರೆಯುವ ಹಾಗಿಲ್ಲ. ಅಕ್ಕನ ಕಂಕುಳು ಅದರಲ್ಲಿ ಪತ್ತೆಯಾಗುತ್ತಿರಲಿಲ್ಲ. ಕೋರಾಕ್ಕೂ ತಿಳಿಯದ್ದು ಇದೆ. ಜರಿಯಂಚು ಎಷ್ಟು ಸೆಟೆದು ನಿಲ್ಲುತ್ತದೆ ಅಂತ ಅದು ಹೇಳುವುದಿಲ್ಲ. ಆದ್ದರಿಂದ ತೋಳಿನ ತುದಿಯ ಅಂಚಿಗೆ ಕಣದ ಅಂಚನ್ನೇ ಕಾಗದದ ಮೇಲೆ ಹರಡಿ ನೋಡಿದೆ. ಮುಕ್ಕಾಲಿಂಚು ಅಗಲವಾದ ತೋಳು 80 ಸೆಂಟಿಮೀಟರಿನಲ್ಲಿ ಹಿಡಿಯುತ್ತದೋ ಇಲ್ಲವೋ ಅಂತ ಒಂದು ಭಯವಿತ್ತು. ಹಿಡಿಯಿತು. ಉಳಿದದ್ದು ಅಂಗೈಯಷ್ಟು.

ರೇಷ್ಮೆಗೆ ಕತ್ತರಿ ಹಾಕಿದ್ದು ಮಂಗಳವಾರ ಬಿಟ್ಟು ಬುಧವಾರ, ಅಕ್ಕನ ಮಾತಿಗೆ. ಪಿನ್ನು ಹೊಲಿಗೆಯ ಅಂಚಿನೊಳಗೆ ಮಾತ್ರ, ತೂತು ಹೊರಗೆ ಕಾಣಬಾರದಲ್ಲ. ಮೇಣದ ಚಾಕ್‌ಪೀಸು ಮುಟ್ಟಿಸಲೇ ಇಲ್ಲ, ಇಸ್ತ್ರಿಯ ಬಿಸಿಗೆ ಜಿಡ್ಡಿನ ಕಲೆ ಬೀಳುತ್ತದೆ. ಗುರುತೆಲ್ಲ ದಾರದಲ್ಲಿ.

ಧಾರೆಯ ಹೊತ್ತಿಗೆ ನಾನು ನೋಡಿದ್ದು ಮದುಮಗಳನ್ನಲ್ಲ, ಅವಳ ಅಮ್ಮನ ಕಂಕುಳನ್ನು. ಅಕ್ಷತೆಗೆ ಕೈಯೆತ್ತಿದಾಗ ರವಿಕೆ ಇದ್ದಲ್ಲೇ ಇತ್ತು.

ಎರಡನೆಯ ಕೋರಾ ರವಿಕೆ ಈಗ ನಮ್ಮನೆಯ ಕಪಾಟಿನಲ್ಲಿದೆ, ಬೆನ್ನ ಮೇಲೆ 'ಆಚೆಮನೆ ಅಕ್ಕ, ಎರಡನೇ ಸಲ' ಅಂತ ಬರೆದು. ಬೇಲಿಯ ಮೇಲಿನಿಂದ ಇನ್ನೂ ಮೂವರು ಕೇಳಿದ್ದಾರೆ, ಅವರಲ್ಲಿ ಇಬ್ಬರು ಪಂಚೆ ಹಿಡಿದುಕೊಂಡೇ ಬಂದಿದ್ದರು. ನೀವೂ ಹೊಲಿಯುವವರಾದರೆ ಹಳೇ ಪಂಚೆಯನ್ನು ನೆಲ ಒರೆಸುವುದಕ್ಕೆ ಇಟ್ಟುಕೊಂಡು, ಎರಡು ಮೀಟರು ಕೋರಾ ತನ್ನಿ.